‘ಹೋಗಿ ಬರುತ್ತೇನೆ’ ಇಟಾಲಿಯನ್‌ನಲ್ಲಿ ನಗು ತರಿಸಿದಾಗ

ನಿವೃತ್ತರಾಗುತ್ತಿದ್ದ ನಮ್ಮ ಕನ್ನಡ ಮೇಷ್ಟ್ರ ಬೀಳ್ಕೊಡುಗೆ ಭಾಷಣವನ್ನು ಇಟಲಿಯ ಶಾಲೆಯೊಂದರ ಮಕ್ಕಳಿಗಾಗಿ ಅನುವಾದಿಸಿದೆ. ಕೊನೆಯ ಸಾಲು ‘ಹೋಗಿ ಬರುತ್ತೇನೆ, ಮಕ್ಕಳೇ’. ‘ವಾದೊ ಎ ತೋರ್ನೊ, ಬಾಂಬೀನಿ’ ಎಂದು ಪದಕ್ಕೆ ಪದ ಇಟ್ಟೆ. ಕರಡು ನೋಡಿದ ಅಲ್ಲಿಯ ಶಿಕ್ಷಕಿ ನಕ್ಕುಬಿಟ್ಟರು. ಅಂಗಡಿಗೆ ಓಡುವಾಗ ‘ಈಗ ಬಂದೆ’ ಎನ್ನುತ್ತೇವಲ್ಲ, ಇಟಾಲಿಯನ್ನರಿಗೆ ಆ ಮಾತು ಅಷ್ಟೇ. ಮೇಷ್ಟ್ರು ನಿವೃತ್ತರಾಗಿ ಐದೇ ನಿಮಿಷದಲ್ಲಿ ಹಿಂತಿರುಗುವಂತಾಗಿತ್ತು!

‘ಅದ್ದೀಯೊ’ ಎಂದು ಬದಲಿಸಿದೆ. ಅದು ಇನ್ನೆಂದೂ ಕಾಣೆವೆಂಬ ವಿದಾಯ; ಬರಿದೇ ‘ಹೋಗುತ್ತೇನೆ’ ಎನ್ನಲು ಹಿಂಜರಿಯುವ ನಮಗೆ ಅದು ಒಗ್ಗದು. ‘ಅರ್ರಿವೆದೆರ್ಚಿ’ ಪದವನ್ನು ಬಿಡಿಸಿದಾಗ ದಾರಿ ಸಿಕ್ಕಿತು: ‘ವೆದೆರೆ’ ಎಂದರೆ ನೋಡುವುದು, ‘ರಿ’ ಎಂದರೆ ಮತ್ತೆ. ಮತ್ತೆ ಕಾಣುವವರೆಗೆ ಎಂಬ ಮಾತು. ಬರುವ ಭರವಸೆ ಅದರಲ್ಲಿ ತುಸು ತೆಳುವಾಯಿತು, ನಿಜ.

‘ಬಾಂಬೀನಿ’ಯೂ ಹೋಯಿತು. ಹನ್ನೆರಡು-ಹದಿಮೂರರವರನ್ನು ಹಾಗೆ ಕರೆದರೆ ಅವರು ಮುಖ ಸಿಂಡರಿಸುತ್ತಾರಂತೆ. ಶಿಕ್ಷಕರು ಅವರನ್ನು ‘ರಗಾತ್ಸಿ’ ಎನ್ನುತ್ತಾರೆ.

ಕೊನೆಗೆ ಉಳಿದದ್ದು: ‘ನೋನ್ ವಿ ದೀಕೊ ಅದ್ದೀಯೊ, ರಗಾತ್ಸಿ, ಮಾ ಅರ್ರಿವೆದೆರ್ಚಿ.’ ನಿಮಗೆ ವಿದಾಯ ಹೇಳುತ್ತಿಲ್ಲ, ಮತ್ತೆ ಕಾಣೋಣ ಎನ್ನುತ್ತಿದ್ದೇನೆ. ಶಿಕ್ಷಕಿ ಈ ಬಾರಿ ನಗಲಿಲ್ಲ.