82 ಪಿಕ್ಸೆಲ್ ಅಜ್ಜನ ಮುಖ, 24 ಮೆಗಾಪಿಕ್ಸೆಲ್ ಗೃಹಪ್ರವೇಶದ ಫೋಟೋ

ಸ್ಟುಡಿಯೋ ಇಟ್ಕೊಂಡಿರೋರಿಗೆಲ್ಲ ಗೊತ್ತಿರೋ ಕೆಲಸಾನೇ ಇದು, ತೀರಿಹೋದವರನ್ನ ಫ್ಯಾಮಿಲಿ ಫೋಟೋದಲ್ಲಿ ಕೂರಿಸೋದು. ಹೋದ್ ಸಲ ಬಂದ ಕೇಸು ಹೀಗಿತ್ತು: ಗೃಹಪ್ರವೇಶದ ಫೋಟೋ, 6000×4000, ನಾನೇ ಹೊಡೆದಿದ್ದು. ಅದ್ರಲ್ಲಿ ಅಜ್ಜಿ ಪಕ್ಕ ಒಂದು ಕುರ್ಚಿ ಖಾಲಿ ಬಿಟ್ಟಿದ್ರು, ಅಲ್ಲಿ ಅಜ್ಜ ಬರ್ಬೇಕು. ಅಜ್ಜಂದು ಇದ್ದಿದ್ದು ಒಂದು ಹಳೇ ಗ್ರೂಪ್ ಫೋಟೋ, ಅದ್ರ ಮೇಲೆ ಮೊಬೈಲ್ ಹಿಡಿದು ತೆಗೆದಿದ್ದು, ಎರಡು ಮೂರು ಫೋನ್ ದಾಟಿ ನನ್ನ ಹತ್ರ ಬಂದ ಜೆಪೆಗ್. ಮೂಲ ಪ್ರಿಂಟ್ ಕೊಡಿ ಸ್ಕ್ಯಾನ್ ಮಾಡ್ತೀನಿ ಅಂದೆ, ಗೆದ್ದಲು ಹಿಡಿದು ಹೋಯ್ತು ಅಣ್ಣಾ ಅಂದ್ರು. ಪ್ರಿಂಟ್ ಸಿಕ್ಕಿದ್ರೆ ನಾನು ಈ ಕಥೆ ಬರೀತಾನೇ ಇರ್ಲಿಲ್ಲ.

ಗದ್ದದಿಂದ ತಲೆಕೂದಲ ತನಕ ಅಜ್ಜನ ಮುಖ ಅಳೆದ್ರೆ 82 ಪಿಕ್ಸೆಲ್. ಪಕ್ಕದ ಅಜ್ಜಿ ಮುಖ 480. ಅಂದ್ರೆ ಹತ್ತತ್ರ ಆರು ಪಟ್ಟು ದೊಡ್ಡದು ಮಾಡ್ಬೇಕು. 82 ಪಿಕ್ಸೆಲ್ ಅಂದ್ರೆ ಎಷ್ಟು ಕಮ್ಮಿ ಅಂತ ಗೊತ್ತಾಗ್ಬೇಕಾದ್ರೆ ಕಣ್ಣು ನೋಡಿ, ಕಣ್ಣಿನ ಕರಿ ಗುಡ್ಡೆ ಇಡೀ ಐದು ಪಿಕ್ಸೆಲ್ ಅಗಲ ಅಷ್ಟೇ. ಯಾವ ಫಿಲ್ಟರ್ ಹಾಕಿದ್ರೂ ಆ ಐದರಲ್ಲಿ ಇಲ್ದೇ ಇರೋ ರೆಪ್ಪೆಗೂದಲು ಹುಟ್ಟಲ್ಲ, ಇರೋ ಐದನ್ನ ಹೆಂಗೆ ಹರಡ್ಬೇಕು ಅನ್ನೋದಷ್ಟೇ ನಮ್ಮ ಕೈಲಿರೋದು.

ಮೊದಲ್ನೇ ಸಲ ನಾನು ಮಾಡಿದ್ದು ತಪ್ಪು, ಹೇಳ್ಕೊಳ್ತೀನಿ. ಶಾರ್ಪ್ ಆಗಿ ಬರ್ಲಿ ಅಂತ ಫೋಟೋ ಹಿಗ್ಗಿಸೋಕೆ ಲ್ಯಾಂಕ್ಜೋಸ್ ಅನ್ನೋ ಫಿಲ್ಟರ್ ಹಾಕ್ದೆ, ಸ್ಕ್ರೀನ್ ಮೇಲೆ ಸಣ್ಣಗೆ ನೋಡಿದಾಗ ಚೆನ್ನಾಗೇ ಇತ್ತು, ಲ್ಯಾಬ್‌ಗೆ ಕಳಿಸ್ದೆ. ಪ್ರಿಂಟ್ ಬಂದಾಗ ಕನ್ನಡಕದ ಫ್ರೇಮ್ ಸುತ್ತ ಬಿಳಿ ಗೆರೆ, ಅದ್ರ ಪಕ್ಕ ಇನ್ನೊಂದು ಮಸುಕು ಗೆರೆ, ಕೆನ್ನೆ ಮೇಲೆ ಚೌಕ ಚೌಕ. ಮನೆಯವರು ಅಜ್ಜಂಗೆ ಏನೋ ಚರ್ಮದ ಕಾಯಿಲೆ ಇದ್ದಂಗೆ ಕಾಣ್ತದೆ ಅಂದ್ರು.

ಯಾಕೆ ಹಂಗಾಯ್ತು ಅಂದ್ರೆ, ಲ್ಯಾಂಕ್ಜೋಸ್ ಹೊಸ ಪಿಕ್ಸೆಲ್ ಲೆಕ್ಕ ಹಾಕುವಾಗ ಸುತ್ತಲಿನ ಪಿಕ್ಸೆಲ್‌ಗಳನ್ನ ಬರೀ ಕೂಡಿಸಲ್ಲ, ಕೆಲವನ್ನ ಕಳೀತದೆ ಕೂಡ. ಹಂಗಾಗಿ ಕಪ್ಪು ಅಂಚಿನ ಪಕ್ಕದಲ್ಲಿರೋದು ಇರಬೇಕಾದ್ದಕ್ಕಿಂತ ಜಾಸ್ತಿ ಬೆಳ್ಳಗಾಗುತ್ತೆ. ಮೂಲ ಕ್ಲೀನಾಗಿದ್ರೆ ಇದು ಶಾರ್ಪ್ ಅನಿಸುತ್ತೆ. ಆದ್ರೆ ನಮ್ಮ ಮೂಲ ಜೆಪೆಗ್, ಅದು ಫೋಟೋನ 8×8 ಪಿಕ್ಸೆಲ್ ಚೌಕಗಳಾಗಿ ಹೆಚ್ಚಿ ಒತ್ತಿರುತ್ತೆ. ಎರಡು ಚೌಕ ಸೇರೋ ಕಡೆ ಇರೋ ಸಣ್ಣ ವ್ಯತ್ಯಾಸಾನೂ ಫಿಲ್ಟರ್‌ಗೆ ಅಂಚೇ ಅಲ್ವಾ, ಅದನ್ನೂ ಎತ್ತಿ ತೋರಿಸ್ತು. 8 ಪಿಕ್ಸೆಲ್ ಚೌಕ ಆರು ಪಟ್ಟಾದ್ರೆ 47-48 ಪಿಕ್ಸೆಲ್, ಕೆನ್ನೆ ಮೇಲೆ ಹೆಂಚು ಹಾಸಿದಂಗೆ.

ಎರಡನೇ ಸಲ ಕೂತಾಗ ಮೊದಲು ಕೇಳ್ಕೊಂಡಿದ್ದು, ಆರು ಪಟ್ಟು ಯಾಕೆ ಬೇಕು? ಫ್ರೇಮ್ 12×18 ಇಂಚು. 6000 ಪಿಕ್ಸೆಲ್ 18 ಇಂಚಿಗೆ ಹಂಚಿದ್ರೆ ಇಂಚಿಗೆ 333 ಬೀಳುತ್ತೆ, ಗೋಡೆ ಮೇಲೆ ತೂಗಾಕೋ ಫೋಟೋಗೆ 200 ಸಾಕು. ಹಂಗಾಗಿ ದೊಡ್ಡ ಫೋಟೋನೇ 3600×2400ಕ್ಕೆ ಇಳಿಸ್ದೆ. ಈಗ ಅಜ್ಜಿ ಮುಖ 288 ಆಯ್ತು, ಅಜ್ಜನ್ನ ಎಳೀಬೇಕಾಗಿದ್ದು ಮೂರೂವರೆ ಪಟ್ಟು ಅಷ್ಟೇ. ಇದ್ರಿಂದ ಅಜ್ಜಂಗೇನೂ ಹೊಸ ಡೀಟೇಲ್ ಬರಲ್ಲ, ಆದ್ರೆ ಇಬ್ಬರ ನಡುವಿನ ಅಂತರ ಕಮ್ಮಿಯಾಗುತ್ತೆ, ಕಣ್ಣಿಗೆ ಹೊಡೆಯೋದು ಆ ಅಂತರಾನೇ.

ಆಮೇಲೆ ಮೂಲಾನ ಸಣ್ಣ ಸೈಜಲ್ಲೇ ಕ್ಲೀನ್ ಮಾಡ್ದೆ, ದೊಡ್ಡದು ಮಾಡೋಕೆ ಮುಂಚೆ. ಫೋಟೋಶಾಪ್‌ನಲ್ಲಿ Reduce Noise ಒಳಗೆ Remove JPEG Artifact ಅಂತ ಒಂದು ಟಿಕ್ ಇದೆ, ಅದು. ಜೊತೆಗೆ Lab ಕಲರ್ ಮೋಡ್‌ಗೆ ಹಾಕಿ ಬಣ್ಣ ಇರೋ a, b ಎರಡು ಚಾನೆಲ್ ಮಾತ್ರ ಒಂದೂವರೆ ಪಿಕ್ಸೆಲ್ ಬ್ಲರ್. ಬಣ್ಣದ ಮಾಹಿತೀನ ಜೆಪೆಗ್ ಇನ್ನೂ ಒರಟಾಗಿ ಇಟ್ಟಿರುತ್ತೆ, ಕೆನ್ನೆ ಮೇಲಿನ ಹಸಿರು-ನೇರಳೆ ಕಲೆಗಳು ಅಲ್ಲಿಂದಾನೇ ಬರೋದು, ಅದನ್ನ ಬ್ಲರ್ ಮಾಡಿದ್ರೆ ಮುಖದ ಗೆರೆ ಹಾಳಾಗಲ್ಲ ಯಾಕಂದ್ರೆ ಗೆರೆಗಳೆಲ್ಲ ಇರೋದು ಬೆಳಕು-ಕತ್ತಲೆ ಇಟ್ಕೊಳ್ಳೋ L ಚಾನೆಲಲ್ಲಿ.

ಈಗ ಫಿಲ್ಟರ್ ಆಯ್ಕೆ. ಊಹೆ ಬೇಡ ಅಂತ, ಕಮಾಂಡ್ ಕೊಟ್ಟು ಕೆಲಸ ಮಾಡಿಸೋ ಇಮೇಜ್‌ಮ್ಯಾಜಿಕ್ ಸಾಫ್ಟ್‌ವೇರ್‌ನಲ್ಲಿ ಮೂರು ಫಿಲ್ಟರ್ ಹಾಕಿ ಮೂರು ಕಾಪಿ ಮಾಡ್ದೆ, ಬೈಲೀನಿಯರ್ (ಅಲ್ಲಿ ಅದ್ರ ಹೆಸರು Triangle), ಮಿಚೆಲ್, ಲ್ಯಾಂಕ್ಜೋಸ್:

```
magick ajja.png -filter Triangle -resize 351% a1.png
magick ajja.png -filter Mitchell -resize 351% a2.png
magick ajja.png -filter Lanczos -resize 351% a3.png
```

ಮೂರನ್ನೂ ಒಂದೇ 4×6 ಪೇಪರ್ ಮೇಲೆ ಫ್ರೇಮಲ್ಲಿ ಬರೋ ಅದೇ ಅಳತೇಲಿ, ಅಂದ್ರೆ ಒಂದೊಂದು ಮುಖ ಹತ್ತತ್ರ ಒಂದೂವರೆ ಇಂಚು, ಪ್ರಿಂಟ್ ಹಾಕಿಸ್ದೆ. ಸ್ಕ್ರೀನ್ ನೋಡಿ ತೀರ್ಮಾನ ಮಾಡೋದಕ್ಕಿಂತ ಈ ಒಂದು ಶೀಟ್ ವಾಸಿ. ಬೈಲೀನಿಯರ್‌ದು ಮಂಜು ಹಿಡಿದ ಗಾಜಿನ ಹಿಂದೆ ಇದ್ದಂಗಿತ್ತು, ಮೀಸೆ ಅಂಚಲ್ಲಿ ಸಣ್ಣ ಮೆಟ್ಟಿಲು ಬೇರೆ. ಲ್ಯಾಂಕ್ಜೋಸ್‌ದು ಕ್ಲೀನ್ ಮಾಡಿದ್ಮೇಲೆ ಮೊದಲಿಗಿಂತ ಎಷ್ಟೋ ಪರವಾಗಿಲ್ಲ, ಆದ್ರೂ ಕನ್ನಡಕದ ಸುತ್ತ ಬಿಳಿ ಗೆರೆ ಇತ್ತು. ಮಿಚೆಲ್ ನಡುವೆ, ಸ್ವಲ್ಪ ಮೆತ್ತಗೆ ಆದ್ರೆ ಗೆರೆ ಎಲ್ಲೂ ಕಾಣ್ಲಿಲ್ಲ, ಇದೇ ತರದ್ದು ಬೇಕು ಅಂತ ತೀರ್ಮಾನ ಮಾಡ್ದೆ. ಫೋಟೋಶಾಪ್ ಒಳಗೇ ಮಾಡೋರು Bicubic Smoother ಹಾಕಿ, ಅದೂ ಇದೇ ಮೆತ್ತನೆ ಜಾತಿ. ಮೆತ್ತಗಿರೋದನ್ನ ಆಮೇಲೆ ಬೇಕಾದ ಕಡೆ ಶಾರ್ಪ್ ಮಾಡ್ಬಹುದು, ಕನ್ನಡಕದ ಸುತ್ತ ಕೂತ ಬಿಳಿ ಗೆರೆ ತೆಗೆಯೋದು ಮಾತ್ರ ಕೈ ನೋವಿನ ಕೆಲಸ.

ನಮ್ ಕಡೆ ಹಳಬರು ಒಂದು ಹೇಳ್ತಾರೆ, ಒಂದೇ ಸಲ ಎಳೀಬೇಡ, ಸಲಕ್ಕೆ 110 ಪರ್ಸೆಂಟ್ ಮಾಡ್ತಾ ಹೋಗು ಅಂತ. ಅದನ್ನೂ ಮಾಡಿ ನೋಡ್ದೆ, ಮೂರೂವರೆ ಪಟ್ಟಿಗೆ ಹದಿಮೂರು ಸಲ ಬೇಕು. ನನ್ನ ಕಣ್ಣಿಗೆ ಲಾಭ ಕಾಣ್ಲಿಲ್ಲ. ಪ್ರತಿ ಸಲಾನೂ ಪಿಕ್ಸೆಲ್ ಹೊಸದಾಗಿ ಲೆಕ್ಕ ಆಗುತ್ತೆ, ತಪ್ಪು ಸೇರ್ತಾ ಹೋಗುತ್ತೆ. ಇದೇ ಕಾರಣಕ್ಕೆ ಫ್ರೀ ಟ್ರಾನ್ಸ್‌ಫಾರ್ಮ್‌ನಲ್ಲಿ ಮೊದಲು ದೊಡ್ಡದು ಮಾಡಿ ಎಂಟರ್ ಹೊಡೆದು, ಆಮೇಲೆ ತಿರುಗಿಸಿ ಎಂಟರ್, ಮತ್ತೆ ಸ್ವಲ್ಪ ಚಿಕ್ಕದು ಮಾಡಿ ಎಂಟರ್, ಹಂಗೆ ಮಾಡ್ಬೇಡಿ. ಅಜ್ಜನ ತಲೆ ಒಂದು ಆರು ಡಿಗ್ರಿ ವಾಲಿಸ್ಬೇಕಿತ್ತು, ನಾನು ಕ್ಲೀನ್ ಮಾಡಿದ ಸಣ್ಣ ಫೈಲನ್ನೇ ಸ್ಮಾರ್ಟ್ ಆಬ್ಜೆಕ್ಟ್ ಮಾಡಿ ತಂದು Bicubic Smoother ಇಟ್ಟು ಹಿಗ್ಗಿಸೋದು ತಿರುಗಿಸೋದು ಎರಡೂ ಅದ್ರಲ್ಲೇ ಮಾಡ್ದೆ, ಮಿಚೆಲ್ ಕಾಪಿ ಹೋಲಿಸಿ ನೋಡೋಕೆ ಪಕ್ಕದಲ್ಲಿಟ್ಕೊಂಡಿದ್ದೆ. ಸ್ಮಾರ್ಟ್ ಆಬ್ಜೆಕ್ಟ್ ಆದ್ರೆ ಎಷ್ಟು ಸಲ ಬದಲಾಯಿಸಿದ್ರೂ ಲೆಕ್ಕ ಮೂಲದಿಂದಾನೇ ಶುರು ಆಗುತ್ತೆ.

ಕೂರಿಸಿದ್ಮೇಲೆ ಶಾರ್ಪ್ ಮಾಡಿದ್ದು ಕಣ್ಣು, ಕನ್ನಡಕ, ಮೀಸೆ, ತುಟಿ ಅಂಚು ಇಷ್ಟಕ್ಕೇ, ಮಾಸ್ಕ್ ಹಾಕಿ. ಕೆನ್ನೆ ಮುಟ್ಟಲಿಲ್ಲ. ಆದ್ರೂ ಅಜ್ಜ ಮೇಣದ ಗೊಂಬೆ ತರ ಕಾಣ್ತಿದ್ರು, ಯಾಕಂದ್ರೆ ಅಜ್ಜಿ ಮುಖದಲ್ಲಿ ಕ್ಯಾಮೆರಾದ ಸಣ್ಣ ಕಾಳು ಕಾಳು ನಾಯ್ಸ್ ಇದೆ, ಅಜ್ಜನ ಮುಖದಲ್ಲಿ ಏನೂ ಇಲ್ಲ. Add Noise, Gaussian, Monochromatic, 2 ಪರ್ಸೆಂಟ್, ಅದ್ರ ಮೇಲೆ 0.4 ಬ್ಲರ್. ಇದು ಹಿಗ್ಗಿಸಿದ್ಮೇಲೇ ಹಾಕ್ಬೇಕು, ಮುಂಚೆ ಹಾಕಿದ್ರೆ ನಾಯ್ಸೂ ಮೂರೂವರೆ ಪಟ್ಟಾಗಿ ಮೊಡವೆ ಆಗುತ್ತೆ. ಇನ್ನೊಂದು ಗುಟ್ಟು, ಅಜ್ಜಿ ಮುಖಾನೂ 0.6 ಬ್ಲರ್ ಮಾಡ್ದೆ. ಯಾರಿಗೂ ಗೊತ್ತಾಗ್ಲಿಲ್ಲ, ಅಜ್ಜಿ ಅಂತೂ ಸುಕ್ಕು ಕಮ್ಮಿಯಾಗಿದೆ ಅಂತ ಖುಷಿ ಪಟ್ರು.

ಫ್ರೇಮ್ ತಗೊಂಡು ಹೋದ್ ಮೇಲೆ ಆ ಮನೆ ಮಗ ಫೋನ್ ಮಾಡಿ ಇದನ್ನೇ 20×30 ಮಾಡ್ಕೊಡಿ ಅಂದ. 12×18ರಲ್ಲೇ ಅಜ್ಜನ ಮುಖಕ್ಕೆ ಇಂಚಿಗೆ ನಿಜವಾದ ಪಿಕ್ಸೆಲ್ ಇರೋದು 57, 20×30ಕ್ಕೆ ಹೋದ್ರೆ ಅದು 34ಕ್ಕೆ ಇಳಿಯುತ್ತೆ. ಆ ಅಳತೇಲಿ ಮುಖ ಒಂದನ್ನೇ 4×6 ಮೇಲೆ ಪ್ರಿಂಟ್ ಹಾಕಿ ಕೈಗೆ ಕೊಟ್ಟೆ. ನೋಡಿ, ಇನ್ನೊಂದು 12×18 ಕಾಪಿನೇ ಕೊಡಿ ಅಣ್ಣಾ ಅಂದ.