ಸ್ಟೆಪ್ಪರ್ ಡ್ರೈವರ್‌ಗೆ ಕರೆಂಟ್ ಹೊಂದಿಸುವುದು ಹೇಗೆ?

ತ್ರೀಡಿ ಪ್ರಿಂಟರಿನಲ್ಲಿ ಒಂದು ಡಬ್ಬಿ ಮೂಡುತ್ತಿದೆ. ಅರ್ಧಕ್ಕೆ ಬಂದಾಗ ಮೇಲಿನ ಪದರಗಳೆಲ್ಲ 0.8 ಮಿ.ಮೀ. ಪಕ್ಕಕ್ಕೆ ಸರಿದು ಕೂತಿವೆ. ಮೋಟಾರ್ ಸ್ಟೆಪ್ ತಪ್ಪಿದೆ ಎನ್ನುವುದಕ್ಕೆ ಆ 0.8 ಸಾಕ್ಷಿ. ಸ್ಟೆಪ್ಪರ್ ಮೋಟಾರ್ ಹಿಡಿತ ಬಿಟ್ಟರೆ ನಾಲ್ಕು ಸ್ಟೆಪ್ ಜಾರಿ ಮತ್ತೆ ಕಚ್ಚಿಕೊಳ್ಳುತ್ತದೆ. ಒಂದು ಸುತ್ತಿಗೆ 200 ಸ್ಟೆಪ್, 20 ಹಲ್ಲಿನ ಪುಲ್ಲಿ, 2 ಮಿ.ಮೀ. ಹಲ್ಲಿನ ಬೆಲ್ಟ್ ಇದ್ದರೆ ನಾಲ್ಕು ಸ್ಟೆಪ್ಪಿಗೆ ಸರಿಯಾಗಿ 0.8 ಮಿ.ಮೀ. ಆಗುತ್ತದೆ. ಜಾರಿದ್ದು ಮೋಟಾರಿಗೆ ಕರೆಂಟ್ ಕೊಡುವ ಡ್ರೈವರ್‌ಗೆ ಗೊತ್ತೇ ಆಗುವುದಿಲ್ಲ, ಅದು ತನ್ನ ಲೆಕ್ಕ ಮುಂದುವರಿಸುತ್ತದೆ.

ಇಂಥ ಹೊತ್ತಿನಲ್ಲಿ ಸುಮ್ನೆ ಡ್ರೈವರ್ ಮೇಲಿನ ಪ್ರಿಸೆಟ್ ಎಂಬ ಪುಟ್ಟ ಸ್ಕ್ರೂ ತಿರುಗಿಸಿ ಕರೆಂಟ್ ಜಾಸ್ತಿ ಮಾಡಬೇಡಿ. ಮೊದಲು ಲೆಕ್ಕ ಹಾಕಿ.

A4988 ಡ್ರೈವರನ್ನೇ ತೆಗೆದುಕೊಳ್ಳೋಣ. ಪವರ್ ಆಫ್ ಮಾಡಿ, ಚಿಪ್ಪಿನ ಪಕ್ಕದ ಎರಡು ಪುಟ್ಟ ಕಪ್ಪು ರೆಸಿಸ್ಟರ್‌ಗಳನ್ನು ನೋಡಿ. R100 ಎಂದಿದ್ದರೆ 0.1 ಓಮ್, R050 ಎಂದಿದ್ದರೆ 0.05 ಓಮ್. ಸೂತ್ರ ಇದು; Vref ಎಂದರೆ ಪ್ರಿಸೆಟ್‌ನಲ್ಲಿ ಅಳೆಯುವ ವೋಲ್ಟೇಜ್, I ಎಂದರೆ ಮೋಟಾರಿನ ಕರೆಂಟ್, Rs ಎಂದರೆ ಆ ರೆಸಿಸ್ಟರಿನ ಓಮ್:

```
Vref = 8 × I × Rs
```

ಮೋಟಾರಿನ ಮೇಲೆ 1.5 ಆಂಪಿಯರ್ ಎಂದು ಬರೆದಿದೆ ಅಂತಿಟ್ಟುಕೊಳ್ಳಿ. ಅಷ್ಟೂ ಕೊಡಬೇಕಿಲ್ಲ, 1 ಆಂಪಿಯರ್‌ನಿಂದ ಶುರು ಮಾಡಿ. R100 ಬೋರ್ಡಿಗೆ 0.8 ವೋಲ್ಟ್ ಬೇಕು. R050 ಬೋರ್ಡಿಗೆ 0.4 ಸಾಕು. ಯಾರೋ ಹೇಳಿದ 0.8 ಅನ್ನು R050 ಬೋರ್ಡಿಗೆ ಕೊಟ್ಟರೆ 2 ಆಂಪಿಯರ್ ಹರಿಯುತ್ತದೆ! ಹೆಚ್ಚಿನವರು ಎಡವುವುದು ಇಲ್ಲೇ.

ಈಗ ಪವರ್ ಆನ್ ಮಾಡಿ. ಮಲ್ಟಿಮೀಟರ್ ಡಿಸಿ ವೋಲ್ಟಿನಲ್ಲಿರಲಿ. ಕಪ್ಪು ಕಡ್ಡಿ ಗ್ರೌಂಡಿಗೆ, ಕೆಂಪು ಕಡ್ಡಿ ಪ್ರಿಸೆಟ್‌ನ ಲೋಹದ ತಲೆಗೆ. ಕಡ್ಡಿ ಜಾರಿ ಪಕ್ಕದ ಪಿನ್ ಮುಟ್ಟಿದರೆ ಡ್ರೈವರ್ ಸುಡಬಹುದು, ಕೈ ಗಟ್ಟಿಯಾಗಿರಲಿ. ಪ್ಲಾಸ್ಟಿಕ್ ಅಥವಾ ಸೆರಾಮಿಕ್ ಸ್ಕ್ರೂಡ್ರೈವರಿನಿಂದ ಕೂದಲೆಳೆಯಷ್ಟು ತಿರುಗಿಸಿ, ಮತ್ತೆ ಅಳೆಯಿರಿ. ಪವರ್ ಇರುವಾಗ ಮೋಟಾರಿನ ವೈರ್ ಮಾತ್ರ ಕೀಳಲೇಬೇಡಿ.

ಆಮೇಲೆ ಅರ್ಧ ಗಂಟೆ ಓಡಿಸಿ, ಮುಟ್ಟಿ ನೋಡಿ. ಸ್ಟೆಪ್ಪರ್ ಸುಮ್ಮನೆ ನಿಂತಾಗಲೂ ಕರೆಂಟ್ ಎಳೆಯುತ್ತದೆ, ಹಾಗಾಗಿ ಬಿಸಿ ಸಹಜ. ಆದರೆ ಕರೆಂಟ್ ಒಂದೂವರೆ ಪಟ್ಟಾದರೆ ಸುರುಳಿಯ ಬಿಸಿ ಎರಡೂಕಾಲು ಪಟ್ಟಾಗುತ್ತದೆ. ಮೋಟಾರ್ 80 ಡಿಗ್ರಿ ತಡೆದುಕೊಂಡರೂ ಅದನ್ನು ಹಿಡಿದ ಪಿಎಲ್‌ಎ ಪ್ಲಾಸ್ಟಿಕ್ಕಿನ ಬ್ರಾಕೆಟ್ 60ರ ಹತ್ತಿರವೇ ಮೆತ್ತಗಾಗುತ್ತದೆ. ನನ್ನ ಮೊದಲ ಪ್ರಿಂಟರಿನಲ್ಲಿ ಹಾಗೇ ಆಯಿತು: ಬ್ರಾಕೆಟ್ ಬಾಗಿ, ಬೆಲ್ಟ್ ಸಡಿಲವಾಯಿತು.

ಕರೆಂಟ್ ಕಮ್ಮಿಯಾದರೆ ಮೋಟಾರ್ ತಣ್ಣಗಿರುತ್ತದೆ, ಆದರೆ ವೇಗವಾಗಿ ದಿಕ್ಕು ಬದಲಿಸುವಾಗ ಟಕ್ ಎಂದು ಜಾರುತ್ತದೆ. ಜಾಸ್ತಿಯಾದರೂ ಸ್ಟೆಪ್ ತಪ್ಪಬಹುದು! ಚಿಪ್ ಸುಮಾರು 165 ಡಿಗ್ರಿಗೆ ತಾನೇ ಆಫ್ ಆಗಿ, ಆರಿದ ಮೇಲೆ ಮತ್ತೆ ಆನ್ ಆಗುತ್ತದೆ. ಶುರುವಿನಲ್ಲೇ ಜಾರಿದರೆ ಕರೆಂಟ್ ಕಮ್ಮಿ ಇರಬಹುದು. ಇಪ್ಪತ್ತು ನಿಮಿಷ ಚೆನ್ನಾಗಿ ಓಡಿ, ಆಮೇಲೆ ಮೋಟಾರ್ ಆಗಾಗ ಸತ್ತಂತೆ ನಿಂತರೆ ಡ್ರೈವರ್ ಕಾದಿದೆ. ಆಗ 0.05 ವೋಲ್ಟ್ ಇಳಿಸಿ, ಹೀಟ್‌ಸಿಂಕ್ ಅಂಟಿಸಿ, ಫ್ಯಾನ್ ಗಾಳಿ ಬೀಳುವಂತೆ ಮಾಡಿ.

ತುಂಬಾ ವೇಗದಲ್ಲಿ ಮಾತ್ರ ಜಾರಿದರೆ ಪ್ರಿಸೆಟ್ ಮುಟ್ಟಬೇಡಿ. ಆ ವೇಗದಲ್ಲಿ ಸುರುಳಿಗೆ ಕರೆಂಟ್ ತುಂಬಲು ಸಮಯವೇ ಸಿಗುವುದಿಲ್ಲ. ವೇಗ ಇಳಿಸಿ, ಇಲ್ಲವೇ 12ರ ಬದಲು 24 ವೋಲ್ಟ್ ಸಪ್ಲೈ ಹಾಕಿ. ಆದರೆ ಹೀಟರ್, ಫ್ಯಾನ್ ಮತ್ತು ಬೋರ್ಡ್ 24 ವೋಲ್ಟಿಗೆ ಹೊಂದುತ್ತವೆಯೇ ಎಂದು ಮೊದಲು ನೋಡಿಕೊಳ್ಳಿ.