ಬಾರ್ನ್–ಹೇಬರ್ ಚಕ್ರ: ಮೆಗ್ನೀಸಿಯಂ ಕ್ಲೋರೈಡ್‌ನ ಜಾಲಕ ಶಕ್ತಿ ಲೆಕ್ಕ ಹಾಕುವುದು ಹೇಗೆ?

ಅನಿಲ ರೂಪದಲ್ಲಿ ಬಿಡಿಬಿಡಿಯಾಗಿರುವ ಅಯಾನುಗಳು ಒಟ್ಟುಗೂಡಿ ಒಂದು ಮೋಲ್ ಹರಳಾದಾಗ ಹೊರಬರುವ ಶಕ್ತಿಯೇ ಜಾಲಕ ಶಕ್ತಿ. ಇದನ್ನು ನೇರವಾಗಿ ಅಳೆಯುವ ದಾರಿಯಿಲ್ಲ. ಒಂದು ಪಾತ್ರೆಯಲ್ಲಿ Mg²⁺ ಅಯಾನುಗಳನ್ನೂ ಇನ್ನೊಂದರಲ್ಲಿ Cl⁻ ಅಯಾನುಗಳನ್ನೂ ಮೋಲ್‌ಗಟ್ಟಲೆ ತುಂಬಿಟ್ಟುಕೊಂಡು ಬೆರೆಸಲು ಯಾರಿಂದಲೂ ಆಗದು. ಹಾಗಾಗಿ ಸುತ್ತು ದಾರಿ ಹಿಡಿಯಬೇಕು. ಆ ದಾರಿಯನ್ನು 1919ರಲ್ಲಿ ಜರ್ಮನಿಯ ಮ್ಯಾಕ್ಸ್ ಬಾರ್ನ್ ಮತ್ತು ಫ್ರಿಟ್ಜ್ ಹೇಬರ್ ತೋರಿಸಿದರು.

ಇದರ ಹಿಂದಿರುವುದು ಹೆಸ್ ನಿಯಮ. ಆರಂಭ ಮತ್ತು ಕೊನೆ ಒಂದೇ ಆಗಿದ್ದರೆ, ಯಾವ ದಾರಿಯಲ್ಲಿ ಹೋದರೂ ಒಟ್ಟು ಎಂಥಾಲ್ಪಿ ಬದಲಾವಣೆ ಒಂದೇ. ಪಠ್ಯಗಳಲ್ಲಿ ಹೆಚ್ಚಾಗಿ ಅಡುಗೆ ಉಪ್ಪಿನ ಲೆಕ್ಕವೇ ಇರುತ್ತದೆ. ಆದರೆ ವಿದ್ಯಾರ್ಥಿಗಳು ಎಡವುವುದು MgCl₂ನಂಥ ಕಡೆ, ಎಲ್ಲಿ ಎರಡರಿಂದ ಗುಣಿಸಬೇಕು, ಎಲ್ಲಿ ಬೇಡ ಎನ್ನುವಲ್ಲಿ. ಅದನ್ನೇ ಮಾಡಿ ನೋಡೋಣ. ಸಂಖ್ಯೆಗಳೆಲ್ಲ ಮೋಲ್‌ಗೆ ಕಿಲೋಜೂಲ್‌ಗಳಲ್ಲಿವೆ. ಕೋಷ್ಟಕದಿಂದ ಕೋಷ್ಟಕಕ್ಕೆ ಒಂದೆರಡು ಅಂಕಿ ಆಚೀಚೆ ಆಗುವುದುಂಟು.

ಹೆಜ್ಜೆ 1: ನೇರ ದಾರಿ ಬರೆಯಿರಿ. ಘನ ಮೆಗ್ನೀಸಿಯಂ ಮತ್ತು ಕ್ಲೋರಿನ್ ಅನಿಲ ಸೇರಿ ಘನ MgCl₂ ಆದಾಗ −641. ಇದು ಉತ್ಪತ್ತಿ ಎಂಥಾಲ್ಪಿ, ಕ್ಯಾಲರಿಮಾಪಕದ ಪ್ರಯೋಗಗಳಿಂದ ಸಿಗುವ ಸಂಖ್ಯೆ.

ಹೆಜ್ಜೆ 2: ಲೋಹವನ್ನು ಬಿಡಿ ಪರಮಾಣು ಮಾಡಿ. Mg(s) → Mg(g), +148.

ಹೆಜ್ಜೆ 3: ಎಲೆಕ್ಟ್ರಾನ್ ಕೀಳಿ, ಒಂದಲ್ಲ, ಎರಡು. ಮೊದಲನೆಯದಕ್ಕೆ +738, ಎರಡನೆಯದಕ್ಕೆ +1451. ಎರಡನ್ನೂ ಕೂಡಬೇಕು. ಮೊದಲನೆಯದನ್ನೇ ಎರಡರಿಂದ ಗುಣಿಸಿದರೆ ತಪ್ಪು. ಧನ ಅಯಾನಿನಿಂದ ಎಲೆಕ್ಟ್ರಾನ್ ಕೀಳುವುದು ತಟಸ್ಥ ಪರಮಾಣುವಿನಿಂದ ಕೀಳುವುದಕ್ಕಿಂತ ಯಾವಾಗಲೂ ಕಷ್ಟ.

ಹೆಜ್ಜೆ 4: ಕ್ಲೋರಿನ್ ಒಡೆಯಿರಿ. Cl₂(g) → 2Cl(g), +243. ನಮಗೆ ಬೇಕಿರುವುದು ಎರಡು ಪರಮಾಣು, ಅಂದರೆ ಒಂದು ಇಡೀ ಬಂಧ. ಕೋಷ್ಟಕದಲ್ಲಿ ‘ಪರಮಾಣೀಕರಣ’ ಎಂದು 122 ಕೊಟ್ಟಿದ್ದರೆ ಅದು ಒಂದು ಪರಮಾಣುವಿನ ಲೆಕ್ಕ, ಎರಡರಿಂದ ಗುಣಿಸಿ. ‘ಬಂಧ ಶಕ್ತಿ’ ಎಂದು 243 ಕೊಟ್ಟಿದ್ದರೆ ಹಾಗೆಯೇ ಬಿಡಿ.

ಹೆಜ್ಜೆ 5: ಕ್ಲೋರಿನ್‌ಗೆ ಎಲೆಕ್ಟ್ರಾನ್ ಕೊಡಿ. ಒಂದಕ್ಕೆ −349, ಎರಡಕ್ಕೆ −698. ಕೆಲವು ಪುಸ್ತಕಗಳು ಎಲೆಕ್ಟ್ರಾನ್ ಅಫಿನಿಟಿಯನ್ನು +349 ಎಂದು, ಹೊರಬರುವ ಶಕ್ತಿಯಾಗಿ ಅಚ್ಚು ಮಾಡುತ್ತವೆ. ನಮ್ಮ ಚಕ್ರದಲ್ಲಿ ಅದು ಋಣವಾಗಿಯೇ ಬರಬೇಕು.

ಹೆಜ್ಜೆ 6: ಚಕ್ರ ಮುಚ್ಚಿ. ಉಳಿದಿರುವ ಒಂದೇ ಹೆಜ್ಜೆ ಜಾಲಕ ಶಕ್ತಿ, U.

```
−641 = 148 + 738 + 1451 + 243 − 698 + U
−641 = 1882 + U
U = −2523
```

ಉತ್ತರ ಸರಿಯೇ ಎಂದು ತಿಳಿಯಲು NaCl ಪಕ್ಕದಲ್ಲಿಟ್ಟು ನೋಡಿ. ಅದರ ಜಾಲಕ ಶಕ್ತಿ −787. Mg²⁺ ಮೇಲೆ ಎರಡು ಧನಾವೇಶ, ಗಾತ್ರವೂ Na⁺ಗಿಂತ ಚಿಕ್ಕದು, ಕ್ಲೋರೈಡ್‌ಗಳೂ ಎರಡು. ಸೆಳೆತ ಹಲವು ಪಟ್ಟು ಹೆಚ್ಚಲೇಬೇಕು. ಎರಡನೆಯ ಅಯಾನೀಕರಣ ಮರೆತರೆ −1072 ಬರುತ್ತದೆ, ಇದು ಅನುಮಾನ ಹುಟ್ಟಿಸುವಷ್ಟು ಸಣ್ಣದು. ಎಲೆಕ್ಟ್ರಾನ್ ಅಫಿನಿಟಿಯ ಚಿಹ್ನೆ ತಿರುಗಿಸಿದರೆ −3919, ಅತಿ ದೊಡ್ಡದು. ನಿಜಕ್ಕೂ ಕಣ್ಣಿಗೆ ಬೀಳದ ತಪ್ಪು ಕ್ಲೋರಿನ್ ಬಂಧವನ್ನು ಅರ್ಧ ಮಾಡುವುದು: ಉತ್ತರ ಸುಮಾರು −2400 ಆಗಿ, ನೋಡಲು ಸರಿಯಾಗಿಯೇ ಕಾಣುತ್ತದೆ. ಸಮೀಕರಣದಲ್ಲಿ ಪರಮಾಣುಗಳನ್ನು ಎಣಿಸದೆ ಅದು ಸಿಕ್ಕಿಬೀಳುವುದಿಲ್ಲ.

ನನಗೆ ಈ ಚಕ್ರದ ನಿಜವಾದ ರುಚಿ ಸಿಗುವುದು ಅದನ್ನು ಹಿಂದುಮುಂದಾಗಿ ಓಡಿಸಿದಾಗ. ಎರಡನೆಯ ಎಲೆಕ್ಟ್ರಾನ್ ಕೀಳಲು 1451 ಖರ್ಚು ಮಾಡುವ ಬದಲು ಮೆಗ್ನೀಸಿಯಂ MgCl ಆಗಿಯೇ ಏಕೆ ಉಳಿಯುವುದಿಲ್ಲ? ಅಂಥ ಹರಳಿಗೆ NaClನಷ್ಟೇ ಜಾಲಕ ಶಕ್ತಿ, −787, ಇದೆಯೆಂದು ಒರಟಾಗಿ ಅಂದಾಜಿಸೋಣ. ಆಗ ಅದರ ಉತ್ಪತ್ತಿ ಎಂಥಾಲ್ಪಿ:

```
148 + 738 + 122 − 349 − 787 = −128
```

ಋಣ ಸಂಖ್ಯೆಯೇ, ಅಂದರೆ ಧಾತುಗಳಿಗೆ ಹೋಲಿಸಿದರೆ MgCl ಕೆಟ್ಟದ್ದೇನಲ್ಲ. ಆದರೆ ಎರಡು MgCl ಸೇರಿ ಒಂದು MgCl₂ ಮತ್ತು ಒಂದು Mg ಆಗುವ ದಾರಿ ತೆರೆದಿದೆ. −641ರಿಂದ ಎರಡು ಸಲ −128 ಕಳೆದರೆ −385. ಇಷ್ಟು ಶಕ್ತಿ ಹೊರಬೀಳುವಾಗ MgCl ಹರಳು ನಿಲ್ಲುವುದು ಕಷ್ಟ. ಅತ್ತ MgCl₃ ಬೇಕೆಂದರೆ ಮೂರನೆಯ ಎಲೆಕ್ಟ್ರಾನ್ ಒಳಕವಚದ್ದು, ಅದಕ್ಕೆ ಸುಮಾರು 7733 ಬೇಕು. ಯಾವ ಜಾಲಕವೂ ಆ ಸಾಲ ತೀರಿಸಲಾರದು.

ಕೊನೆಗೊಂದು ಎಚ್ಚರಿಕೆ. ಚಕ್ರದ ಉತ್ತರ ಪ್ರಯೋಗದ ಸಂಖ್ಯೆಗಳಿಂದ ಬಂದದ್ದು. ಹರಳಿನೊಳಗಿನ ಬಂಧ ಪೂರ್ತಿ ಅಯಾನಿಕವೇ ಎಂಬುದನ್ನು ಅದು ಕೇಳುವುದೇ ಇಲ್ಲ. ಅಯಾನುಗಳನ್ನು ಗಟ್ಟಿ ಗೋಲಗಳೆಂದು ಭಾವಿಸಿ, ಆವೇಶ ಮತ್ತು ದೂರದಿಂದ ಲೆಕ್ಕ ಹಾಕಿದ ಸಂಖ್ಯೆಯ ಜೊತೆ ಇದನ್ನು ಹೋಲಿಸಿದಾಗ ಮಾತ್ರ ಅದು ಗೊತ್ತಾಗುತ್ತದೆ. NaClನಲ್ಲಿ ಎರಡೂ ಹತ್ತಿರ ಹತ್ತಿರ ಇರುತ್ತವೆ. ಸಿಲ್ವರ್ ಕ್ಲೋರೈಡ್‌ನಲ್ಲಿ ಚಕ್ರದ ಸಂಖ್ಯೆ ಹತ್ತಾರು ಕಿಲೋಜೂಲ್ ಹೆಚ್ಚಿಗೆ ಬರುತ್ತದೆ. ಅಲ್ಲಿ ಬೆಳ್ಳಿ ಮತ್ತು ಕ್ಲೋರಿನ್ ಎಲೆಕ್ಟ್ರಾನ್‌ಗಳನ್ನು ಒಂದಿಷ್ಟು ಹಂಚಿಕೊಳ್ಳುತ್ತಿವೆ.